ರೈಲು ಸುರಂಗ ಹೊಕ್ಕಾಗ ಬೆಳಕು ಹೇಗೆ ಬದಲಾಗಬೇಕು: ಎಂಟು ಸೆಕೆಂಡಿನ ಎಐ ವಿಡಿಯೊಗೆ ಪ್ರಾಂಪ್ಟ್ ಬರೆಯುವ ಬಗೆ

ಕಿಟಕಿ ಪಕ್ಕ ಒಬ್ಬ ಹುಡುಗಿ ಕೂತಿದ್ದಾಳೆ. ಹೊರಗೆ ಹೊಲ, ಗುಡ್ಡ ಓಡುತ್ತಿವೆ. ರೈಲು ಸುರಂಗಕ್ಕೆ ಹೋಗುತ್ತದೆ, ಬೆಳಕು ಬದಲಾಗುತ್ತದೆ. ಹೇಳೋಕೆ ಇಷ್ಟೇ. ಆದರೆ ಇದನ್ನೇ ಹೀಗೇ ಬರೆದು ಎಐ ವಿಡಿಯೊ ಟೂಲ್‌ಗೆ ಕೊಟ್ಟು ನೋಡಿ. ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಬರುತ್ತದೆ. ಕ್ಯಾಮೆರಾ ಬೋಗಿಯಿಂದ ಹೊರಗೆ ಹೋಗಿ, ದೂರದಿಂದ ಇಡೀ ರೈಲು ಸುರಂಗಕ್ಕೆ ನುಗ್ಗುವುದನ್ನು ತೋರಿಸುತ್ತದೆ. ಇಲ್ಲವೇ ಕಿಟಕಿಯಾಚೆಯ ಗುಡ್ಡದಲ್ಲೇ ಒಂದು ಸುರಂಗದ ಬಾಯಿ ಮೂಡಿ, ರೈಲು ಅಡ್ಡಡ್ಡ ಸರಿದು ಅದರೊಳಗೆ ಹೋದಂತೆ ಕಾಣುತ್ತದೆ. ಅದೂ ಅಲ್ಲದಿದ್ದರೆ ಇಡೀ ಚಿತ್ರ ಒಂದೇ ಸಮನೆ ಮಂಕಾಗುತ್ತಾ ಹೋಗುತ್ತದೆ, ಯಾರೋ ರೂಮಿನ ದೀಪವನ್ನು ಮೆಲ್ಲಗೆ ಇಳಿಸಿದ ಹಾಗೆ.

ಮೂರನೆಯದೇ ಹೆಚ್ಚು ತೊಂದರೆ ಕೊಡುವುದು, ಯಾಕಂದರೆ ಅದು ಮೇಲ್ನೋಟಕ್ಕೆ ಸರಿಯಾಗೇ ಕಾಣುತ್ತದೆ. ಬೆಳಕಿತ್ತು, ಕತ್ತಲಾಯ್ತು, ಸರಿ ಅಲ್ವಾ ಅನ್ನಿಸುತ್ತದೆ. ಆದರೆ ರೈಲಿನಲ್ಲಿ ಓಡಾಡಿದವರ ಕಣ್ಣಿಗೆ ಏನೋ ಸುಳ್ಳು ಅನ್ನಿಸದೇ ಇರುವುದಿಲ್ಲ. ಆ ಸುಳ್ಳು ಎಲ್ಲಿದೆ, ಅದನ್ನು ಪ್ರಾಂಪ್ಟ್‌ನಲ್ಲಿ, ಅಂದರೆ ಟೂಲ್‌ಗೆ ಬರೆದು ಕೊಡುವ ವಿವರಣೆಯಲ್ಲಿ, ಹೇಗೆ ಸರಿಪಡಿಸುವುದು ಅನ್ನುವುದೇ ಇಲ್ಲಿ ನನ್ನ ವಿಷಯ.

ಮೊದಲು ಜಾಗ ಗಟ್ಟಿ ಮಾಡಿಕೊಳ್ಳೋಣ. ನಮ್ಮ ಕಡೆಯಿಂದ ಪಶ್ಚಿಮಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಲೋಂಡಾ, ಕ್ಯಾಸಲ್ ರಾಕ್ ಮೇಲೆ ಗೋವಾಕ್ಕೆ ಇಳಿಯುತ್ತದೆ. ಒಂದೇ ಪ್ರಯಾಣದಲ್ಲಿ ಎರಡು ಬೇರೆ ಬೇರೆ ಲೋಕ ಸಿಗುತ್ತವೆ. ಕೊಪ್ಪಳದ ಹತ್ತಿರ ಬೋಳು ಬಂಡೆಗುಡ್ಡ, ಮೆಕ್ಕೆಜೋಳದ ಹೊಲ, ಹಳಿ ಪಕ್ಕದಲ್ಲಿ ಬಳ್ಳಾರಿ ಜಾಲಿ. ಕ್ಯಾಸಲ್ ರಾಕ್ ದಾಟಿದ ಮೇಲೆ ದಟ್ಟ ಕಾಡು, ಕಡಿದಾದ ಇಳಿಜಾರು, ಸಾಲು ಸುರಂಗ.

ಇಲ್ಲೇ ಮೊದಲ ತೀರ್ಮಾನ ಮಾಡಬೇಕು. ಈ ಎರಡನ್ನೂ ಒಂದೇ ಕ್ಲಿಪ್‌ಗೆ ತುರುಕಬೇಡಿ. ಗೂಗಲ್‌ನ ವಿಯೊ 3ರಂಥ ಟೂಲ್ ಒಂದು ಸಲಕ್ಕೆ ಎಂಟು ಸೆಕೆಂಡಿನ ಕ್ಲಿಪ್ ಕೊಡುತ್ತದೆ. ಎಂಟು ಸೆಕೆಂಡಿನಲ್ಲಿ ಕೊಪ್ಪಳದ ಬಂಡೆಯೂ ಘಾಟಿನ ಕಾಡೂ ಬೇಕು ಅಂದರೆ ಟೂಲ್ ಎರಡನ್ನೂ ಕಲಸಿಬಿಡುತ್ತದೆ, ಬಂಡೆಗುಡ್ಡದ ಮೇಲೆ ಮಳೆಕಾಡು ಬೆಳೆದ ಎಲ್ಲಿಯೂ ಇಲ್ಲದ ಊರೊಂದು ಹುಟ್ಟುತ್ತದೆ. ಕೊಪ್ಪಳದ್ದು ಒಂದು ಕ್ಲಿಪ್, ಸುರಂಗದ್ದು ಇನ್ನೊಂದು.

ಕೊಪ್ಪಳದ ಕ್ಲಿಪ್ ಸುಲಭ. ಅಲ್ಲಿ ಸರಿಯಾಗಬೇಕಾದದ್ದು ಒಂದೇ, ಹತ್ತಿರದ್ದು ಎಷ್ಟು ಬೇಗ ಹೋಗುತ್ತದೆ, ದೂರದ್ದು ಎಷ್ಟು ನಿಧಾನ ಹೋಗುತ್ತದೆ ಅನ್ನುವುದು. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ರೈಲು ಗಂಟೆಗೆ 60 ಕಿ.ಮೀ. ಹೋಗುತ್ತಿದ್ದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕ್ಯಾಮೆರಾಗೆ ಕಿಟಕಿಯಿಂದ 60 ಡಿಗ್ರಿ ಅಗಲ ಕಾಣುತ್ತದೆ ಅಂತಿಟ್ಟುಕೊಳ್ಳಿ. ನಾಲ್ಕು ಮೀಟರ್ ದೂರದ ವಿದ್ಯುತ್ ಕಂಬ ಚಿತ್ರದ ಈ ಅಂಚಿನಿಂದ ಆ ಅಂಚಿಗೆ ಹೋಗೋಕೆ ಕಾಲು ಸೆಕೆಂಡು ಸಾಕು. ಐವತ್ತು ಮೀಟರ್ ದೂರದ ಜಾಲಿ ಗಿಡಕ್ಕೆ ಮೂರೂವರೆ ಸೆಕೆಂಡು ಬೇಕು. ಎರಡು ಕಿಲೋಮೀಟರ್ ಆಚೆಯ ಗುಡ್ಡಕ್ಕೆ ಎರಡು ನಿಮಿಷಕ್ಕೂ ಜಾಸ್ತಿ ಬೇಕು. ಅಂದರೆ ಎಂಟು ಸೆಕೆಂಡಿನ ಇಡೀ ಕ್ಲಿಪ್‌ನಲ್ಲಿ ಆ ಗುಡ್ಡ ಹೆಚ್ಚುಕಡಿಮೆ ನಿಂತಲ್ಲೇ ನಿಂತಿರಬೇಕು.

ಇದು ಗೊತ್ತಿಲ್ಲದೆ ಜನ "ಹೊರಗಿನ ದೃಶ್ಯ ವೇಗವಾಗಿ ಓಡುತ್ತಿದೆ" ಅಂತ ಬರೆಯುತ್ತಾರೆ. ಟೂಲ್ ಆ ಮಾತನ್ನು ನಂಬಿ ಗುಡ್ಡವನ್ನೂ ಓಡಿಸುತ್ತದೆ. ಆಗ ಹೊರಗಿನದು ಜಾಗದಂತೆ ಕಾಣುವುದಿಲ್ಲ, ಎಳೆದುಕೊಂಡು ಹೋಗುವ ಪರದೆಯಂತೆ ಕಾಣುತ್ತದೆ. "ಹಳಿ ಪಕ್ಕದ ಗಿಡಗಳು ಮಸುಕಾಗಿ ಸರ್ರನೆ ಹಿಂದೆ ಹೋಗುತ್ತವೆ, ನಡುವಿನ ಹೊಲ ನಿಧಾನವಾಗಿ ಸರಿಯುತ್ತದೆ, ದೂರದ ಬಂಡೆಗುಡ್ಡ ಬಹುತೇಕ ಕದಲುವುದಿಲ್ಲ" ಎಂದು ಮೂರು ಪದರ ಬಿಡಿಸಿ ಬರೆದರೆ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಬರುತ್ತದೆ. ಕಂಬಗಳನ್ನೂ ಗಮನಿಸಿ. ವಿದ್ಯುತ್ ಮಾರ್ಗದಲ್ಲಿ ಕಂಬಗಳ ನಡುವೆ ಸಾಮಾನ್ಯವಾಗಿ 50-60 ಮೀಟರ್ ಅಂತರ ಇರುತ್ತದೆ. ಈ ವೇಗದಲ್ಲಿ ಮೂರು ಸೆಕೆಂಡಿಗೊಂದು ಕಂಬ ಬರಬೇಕು. ಅರ್ಧ ಸೆಕೆಂಡಿಗೊಂದು ಬಂದರೆ ನಿಮ್ಮ ರೈಲು ಗಂಟೆಗೆ ನಾನೂರು ಕಿಲೋಮೀಟರ್ ಹೋಗುತ್ತಿದೆ ಅಂತ ಅರ್ಥ!

ಊರಿನ ಹೆಸರನ್ನೂ ಗಿಡದ ಹೆಸರನ್ನೂ ಬರೆದುಬಿಟ್ಟರೆ ಕೆಲಸ ಆಗಲ್ಲ. "ಕೊಪ್ಪಳ" ಅಂದರೆ ಯಾವ ಬಣ್ಣದ ಬಂಡೆ, ಎಷ್ಟು ಹಸಿರು ಅನ್ನುವುದು ಟೂಲ್‌ಗೆ ಗೊತ್ತಿರುತ್ತದೆ ಅಂತ ನಂಬಬೇಡಿ. "ಬಳ್ಳಾರಿ ಜಾಲಿ" ಅನ್ನುವ ಬದಲು "ಆಳೆತ್ತರದ, ಬೂದು ಹಸಿರಿನ ಮುಳ್ಳು ಪೊದೆ" ಅನ್ನಿ. "ಬಂಡೆಗುಡ್ಡ" ಜೊತೆ "ಒಂದರ ಮೇಲೊಂದು ಪೇರಿಸಿದಂಥ, ಕಂದು ಬಣ್ಣದ ದುಂಡು ಬಂಡೆಗಳು" ಅಂತ ಸೇರಿಸಿ. ಕಣ್ಣಿಗೆ ಕಾಣುವುದನ್ನು ಬರೆದರೆ ಮಾತ್ರ ಅದು ಚಿತ್ರದಲ್ಲಿ ಬರುತ್ತದೆ.

ಈಗ ಸುರಂಗಕ್ಕೆ ಬರೋಣ.

ಇದು ಯಾಕೆ ಕಷ್ಟ? ಈ ಟೂಲ್‌ಗಳು ಬೆಳಕಿನ ಲೆಕ್ಕ ಹಾಕುವುದಿಲ್ಲ. ಸೂರ್ಯ ಇಲ್ಲಿದ್ದಾನೆ, ಗೋಡೆ ಅಡ್ಡ ಬಂತು, ಹಾಗಾಗಿ ಮುಖದ ಮೇಲೆ ನೆರಳು ಬೀಳಬೇಕು ಅಂತ ಅವು ತರ್ಕ ಮಾಡುವುದಿಲ್ಲ. ಲೆಕ್ಕವಿಲ್ಲದಷ್ಟು ವಿಡಿಯೊ ನೋಡಿ, ಯಾವ ಮಾತಿನ ಜೊತೆ ಎಂಥ ಚಿತ್ರ ಬರುತ್ತದೆ ಅನ್ನುವುದನ್ನು ಕಲಿತಿವೆ. ಬರೀ ಗದ್ದಲದಂಥ ಚುಕ್ಕೆಗಳಿಂದ ಶುರು ಮಾಡಿ, ಹಂತ ಹಂತವಾಗಿ ಅದನ್ನು ತಿಳಿ ಮಾಡುತ್ತಾ, ನಿಮ್ಮ ಮಾತಿಗೆ ಹೊಂದುವ ಚಿತ್ರ ತೆಗೆಯುತ್ತವೆ. ಬಹಳಷ್ಟು ಟೂಲ್‌ಗಳಲ್ಲಿ ಈ ಕೆಲಸ ಇಡೀ ಕ್ಲಿಪ್‌ಗೆ ಒಟ್ಟಿಗೇ ನಡೆಯುತ್ತದೆ, ಮೊದಲ ಸೆಕೆಂಡ್ ಮುಗಿಸಿ ಎರಡನೆಯದಕ್ಕೆ ಹೋಗುವುದು ಅಂತ ಇರುವುದಿಲ್ಲ. ಹಾಗಾಗಿ ನೀವು ಬರೆದ "ಕತ್ತಲು" ಅನ್ನುವ ಮಾತು ಮೊದಲ ಸೆಕೆಂಡಿನ ಮೇಲೂ ಪ್ರಭಾವ ಬೀರುತ್ತದೆ. "ಬಿಸಿಲು" ಅನ್ನುವುದು ಕೊನೆಯ ಸೆಕೆಂಡಿಗೂ ಸೋರುತ್ತದೆ. ಎರಡೂ ಸೇರಿ ಶುರುವಿನಿಂದಲೇ ಅರೆಗತ್ತಲು.

ಇದರ ಮೇಲೆ "ಬೆಳಕು ನಾಟಕೀಯವಾಗಿ ಬದಲಾಗುತ್ತದೆ" ಅಂತ ಬರೆದರೆ ಇನ್ನೂ ಹಾಳು. ಅದರಲ್ಲಿ ಕಾಣುವಂಥದ್ದು ಏನೂ ಇಲ್ಲ. ಬೆಳಕು ಎಲ್ಲಿಂದ ಹೋಯಿತು, ಯಾವುದು ಮೊದಲು ಕಪ್ಪಾಯಿತು, ಏನು ಉಳಿಯಿತು ಅಂತ ಹೇಳದಿದ್ದರೆ ಟೂಲ್‌ಗೆ ಗೊತ್ತಿರುವ ಸಲೀಸಾದ ದಾರಿ ಚಿತ್ರವನ್ನು ಸುಮ್ನೆ ಮಂಕು ಮಾಡುವುದು. ಹಾಗಾಗಿ ಬದಲಾವಣೆಯ ಹೆಸರು ಹೇಳುವುದು ಬಿಟ್ಟು, ಬದಲಾವಣೆಗೆ ಕಾರಣವಾಗುವ ವಸ್ತುಗಳನ್ನು ಒಂದರ ಹಿಂದೊಂದು ಹೇಳಬೇಕು. ಅದಕ್ಕೆ ನಿಜವಾದ ರೈಲಿನಲ್ಲಿ ಏನಾಗುತ್ತದೆ ಅನ್ನುವುದು ನಮಗೆ ಸರಿಯಾಗಿ ಗೊತ್ತಿರಬೇಕು.

ಪಕ್ಕದ ಕಿಟಕಿಯಿಂದ ಸುರಂಗದ ಬಾಯಿ ಎದುರಿಗೆ ಕಾಣುವುದಿಲ್ಲ. ಇದು ತೀರಾ ಸರಳ ವಿಷಯ, ಆದರೆ ಪ್ರಾಂಪ್ಟ್ ಬರೆಯುವಾಗ ಮರೆತುಹೋಗುತ್ತದೆ. ರೈಲು ತಿರುವಿನಲ್ಲಿದ್ದು, ನೀವು ತಿರುವಿನ ಒಳಬದಿಯಲ್ಲಿ ಕೂತಿದ್ದರೆ ಮಾತ್ರ ಮುಂದಿನ ಬೋಗಿಗಳು ಸುರಂಗಕ್ಕೆ ಹೋಗುವುದು ಕಾಣುತ್ತದೆ. ನೇರ ಹಳಿಯಲ್ಲಿ ಮೊದಲ ಸುಳಿವು ಸುರಂಗದ್ದಲ್ಲ, ಗೋಡೆಯದ್ದು. ಸುರಂಗಕ್ಕೆ ಮುಂಚೆ ಗುಡ್ಡ ಕಡಿದು ಹಳಿಗೆ ದಾರಿ ಮಾಡಿರುತ್ತಾರೆ. ಆ ಕಡಿದ ಗೋಡೆ ಕಿಟಕಿಯ ಕೆಳಗಿನಿಂದ ಏರುತ್ತಾ ಬರುತ್ತದೆ. ಮೊದಲು ಕಣಿವೆ ಮುಚ್ಚುತ್ತದೆ, ಆಮೇಲೆ ಮರ, ಆಮೇಲೆ ಆಕಾಶ. ಪಾಚಿ ಹಿಡಿದ ಕಲ್ಲು ಕೈಗೆ ಸಿಗುವಷ್ಟು ಹತ್ತಿರ ಬಂದುಬಿಡುತ್ತದೆ. ಅಂದರೆ ಸುರಂಗಕ್ಕೆ ಮುಂಚೆಯೇ ಬೋಗಿಯೊಳಗಿನ ಬೆಳಕು ಒಂದು ಹಂತ ಇಳಿದಿರುತ್ತದೆ, ಬಣ್ಣವೂ ಸ್ವಲ್ಪ ಹಸಿರಿಗೆ ತಿರುಗಿರುತ್ತದೆ.

ಆಮೇಲೆ ಸುರಂಗದ ಬಾಯಿಯ ಕಲ್ಲಿನ ಅಂಚು ಬರುತ್ತದೆ. ಬೆಳಕು ಎಲ್ಲ ಕಡೆ ಒಟ್ಟಿಗೆ ಆರುವುದಿಲ್ಲ. ಎಂಜಿನ್ ಕಡೆಯಿಂದ ಕತ್ತಲು ನಡೆದುಕೊಂಡು ಬರುತ್ತದೆ. ಘಾಟಿನಲ್ಲಿ ರೈಲು ನಿಧಾನ, ಗಂಟೆಗೆ 30 ಕಿ.ಮೀ. ಅಂತಿಟ್ಟುಕೊಳ್ಳೋಣ. ಸೆಕೆಂಡಿಗೆ ಎಂಟು ಮೀಟರ್ ಚಿಲ್ಲರೆ ಆಯ್ತು. ಬೋಗಿ ಸುಮಾರು 24 ಮೀಟರ್ ಉದ್ದ. ಹಾಗಾಗಿ ಬೋಗಿಯ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲವರೆಗೆ ಕತ್ತಲು ಬರೋಕೆ ಹತ್ತಿರ ಹತ್ತಿರ ಮೂರು ಸೆಕೆಂಡು. ಮುಂದಿನ ಸೀಟಿನವರು ಕಪ್ಪಾಗಿರುತ್ತಾರೆ, ಹಿಂದಿನವರ ಮೇಲೆ ಇನ್ನೂ ಹಗಲು ಇರುತ್ತದೆ. ಆದರೆ ಒಂದು ಮೀಟರ್ ಅಗಲದ ಒಂದೇ ಕಿಟಕಿಯನ್ನು ಆ ಅಂಚು ದಾಟೋಕೆ ಸೆಕೆಂಡಿನ ಎಂಟನೇ ಒಂದು ಭಾಗ ಸಾಕು. ಸೆಕೆಂಡಿಗೆ 24 ಫ್ರೇಮ್ ಇರುವ ವಿಡಿಯೊದಲ್ಲಿ ಅದು ಬರೀ ಮೂರು ಫ್ರೇಮ್. ಅಂದರೆ ಕ್ಯಾಮೆರಾ ಬೋಗಿಯ ಉದ್ದಕ್ಕೆ ನೋಡುತ್ತಿದ್ದರೆ ಕತ್ತಲು ಬರುವುದನ್ನು ನೋಡಬಹುದು, ಒಬ್ಬರ ಮುಖವನ್ನು ಹತ್ತಿರದಿಂದ ನೋಡುತ್ತಿದ್ದರೆ ಅದು ಫಟ್ ಅಂತ ಕಡಿದು ಬೀಳುತ್ತದೆ. ಎರಡರಲ್ಲಿ ಯಾವುದು ಬೇಕು ಅಂತ ನೀವೇ ಆರಿಸಬೇಕು. ನನಗೆ ಮುಖದ ಹತ್ತಿರದ ಚಿತ್ರವೇ ಇಷ್ಟ. ಟೂಲ್‌ಗೂ ಅದೇ ಸುಲಭ, ಯಾಕಂದರೆ ಸರಿ ಮಾಡಬೇಕಾದ ಮುಖ ಒಂದೇ.

ಮೂರನೆಯ ಘಟನೆಯನ್ನು ಬಹುತೇಕರು ಬರೆಯುವುದೇ ಇಲ್ಲ. ಅದು ಕಿಟಕಿ ಕನ್ನಡಿಯಾಗುವುದು. ಗಾಜು ಯಾವಾಗಲೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪವನ್ನು ವಾಪಸ್ ಕಳಿಸುತ್ತದೆ. ಒಂದು ಮೈಗೆ ನೂರರಲ್ಲಿ ನಾಲ್ಕು ಪಾಲು, ಗಾಜಿನ ಎರಡೂ ಮೈ ಸೇರಿದರೆ ಸುಮಾರು ಎಂಟು ಪಾಲು. ಹಗಲಲ್ಲೂ ಹುಡುಗಿಯ ಮುಖ ಗಾಜಿನಲ್ಲಿ ಇದ್ದೇ ಇರುತ್ತದೆ. ಆದರೆ ಬೆಳಕಿನ ಅಳತೆಯಾದ ಲಕ್ಸ್‌ನಲ್ಲಿ ಹೇಳಿದರೆ ಹೊರಗಿನ ಬಿಸಿಲು ಲಕ್ಷ ಲಕ್ಸ್ ಆಸುಪಾಸು, ಬೋಗಿಯ ದೀಪ ನೂರು ಲಕ್ಸ್ ಅಂದುಕೊಂಡರೂ ಸಾವಿರ ಪಟ್ಟು ವ್ಯತ್ಯಾಸ. ಆ ಬೆಳಕಿನಲ್ಲಿ ಪ್ರತಿಬಿಂಬ ಮುಳುಗಿಹೋಗಿರುತ್ತದೆ. ಸುರಂಗದಲ್ಲಿ ಹೊರಗಿನ ಬೆಳಕು ಹೋದ ಕೂಡಲೇ ಅದು ಮೇಲೆ ಬರುತ್ತದೆ. ಹೊಸದಾಗಿ ಏನೂ ಹುಟ್ಟಿದ್ದಲ್ಲ, ಮುಚ್ಚಿದ್ದು ತೆರೆಯಿತು ಅಷ್ಟೇ.

ಇದಕ್ಕೆ ಎರಡು ಷರತ್ತು ಇವೆ. ಒಂದು, ಕಿಟಕಿಗೆ ಗಾಜು ಇರಬೇಕು. ಸ್ಲೀಪರ್ ಬೋಗಿಯಲ್ಲಿ ಗಾಜು ಎತ್ತಿಟ್ಟು, ಸರಳುಗಳ ನಡುವೆ ಗಾಳಿ ಬರುತ್ತಿದ್ದರೆ ಪ್ರತಿಬಿಂಬದ ಮಾತೇ ಇಲ್ಲ. ಅಲ್ಲಿ ಬರೆಯಬೇಕಾದದ್ದು ಬೇರೆ: ಸರಳುಗಳ ಒಳಬದಿ ದೀಪದ ಬೆಳಕಿಗೆ ಹೊಳೆಯುವುದು, ಹೊರಗೆ ಸುರಂಗದ ಗೋಡೆಯ ಮೇಲೆ ನಮ್ಮ ಕಿಟಕಿಗಳ ಬೆಳಕು ಮಂಕಾಗಿ ಓಡುವುದು. ಎರಡು, ಬೋಗಿಯ ದೀಪ ಮೊದಲಿನಿಂದಲೂ ಉರಿಯುತ್ತಿರಬೇಕು. ಹಗಲಲ್ಲಿ ದೀಪ ಆರಿಸಿದ ಬೋಗಿ ಸುರಂಗ ಹೊಕ್ಕರೆ ಬರೀ ಕಪ್ಪು. ದೀಪದ ಬಗ್ಗೆ ಪ್ರಾಂಪ್ಟ್‌ನಲ್ಲಿ ಏನೂ ಹೇಳದಿದ್ದರೆ ಟೂಲ್ ಎಲ್ಲಿಂದಲೋ ನೀಲಿ ಬೆಳಕು ತಂದು ಮುಖದ ಮೇಲೆ ಚೆಲ್ಲುತ್ತದೆ. ಸಿನಿಮಾದ ರಾತ್ರಿಯ ಹಾಗೆ ಕಾಣುತ್ತದೆ, ರೈಲಿನ ಹಾಗಲ್ಲ.

ಇನ್ನು ಕ್ಯಾಮೆರಾದ ಕಣ್ಣು. ನಿಜವಾದ ಫೋನಿನಲ್ಲಿ ತೆಗೆದರೆ ಕತ್ತಲು ಬಂದ ಕೂಡಲೇ ಒಂದು ಕ್ಷಣ ಎಲ್ಲ ತೀರಾ ಕಪ್ಪು, ಆಮೇಲೆ ಫೋನು ಹೊಂದಿಕೊಂಡು ಮುಖ ನಿಧಾನಕ್ಕೆ ಕಾಣತೊಡಗುತ್ತದೆ. ಹೊರಗೆ ಬಂದಾಗ ಇದರ ತಿರುಗುಮುರುಗು: ಕಿಟಕಿ ಪೂರ್ತಿ ಬಿಳಿಯಾಗಿ ಸಿಡಿದು, ಆಮೇಲೆ ಹಸಿರು ಮರಳುತ್ತದೆ. ಈ ಹಿಂಜರಿಕೆಯನ್ನು ಬರೆದರೆ ನೋಡುವವರಿಗೆ ನಂಬಿಕೆ ಬರುತ್ತದೆ.

ಇಷ್ಟನ್ನೂ ಇಟ್ಟುಕೊಂಡು ಒಂದು ಪ್ರಾಂಪ್ಟ್ ಕಟ್ಟೋಣ. ಎಸಿ ಬೋಗಿ, ಮುಚ್ಚಿದ ಗಾಜು, ಚಿತ್ರದಲ್ಲಿ ಎಂಜಿನ್ ಬಲಕ್ಕೆ. ಎಂಜಿನ್ ಬಲಕ್ಕೆ ಅಂದಮೇಲೆ ಹೊರಗಿನದ್ದೆಲ್ಲ ಬಲದಿಂದ ಎಡಕ್ಕೆ ಹೋಗಬೇಕು, ಕತ್ತಲಿನ ಅಂಚೂ ಬಲದಿಂದಲೇ ಬರಬೇಕು. ಈ ದಿಕ್ಕನ್ನು ಮೊದಲೇ ಗಟ್ಟಿ ಮಾಡಿಕೊಳ್ಳದಿದ್ದರೆ ಕಾಡು ಎಡಕ್ಕೆ ಓಡಿ ಸುರಂಗದ ಗೋಡೆ ಬಲಕ್ಕೆ ಓಡುವುದುಂಟು.

ಕನ್ನಡದಲ್ಲಿ ಮೊದಲು ಹೀಗೆ ಬರೆದುಕೊಳ್ಳಿ: "ಕ್ಯಾಮೆರಾ ಬೋಗಿಯೊಳಗೆ ಕದಲದೆ ನಿಂತಿದೆ. ಕಿಟಕಿ ಪಕ್ಕ ಹಳದಿ ಕುರ್ತಾ ತೊಟ್ಟ ಹುಡುಗಿ. ಚಾವಣಿಯ ಬಿಳಿ ದೀಪ ಮೊದಲಿನಿಂದಲೂ ಉರಿಯುತ್ತಿದೆ. ಮೊದಲ ಮೂರು ಸೆಕೆಂಡು ಹಗಲು, ಗಾಜಿನಾಚೆ ಒದ್ದೆ ಕಾಡು ಬಲದಿಂದ ಎಡಕ್ಕೆ ಸರಿಯುತ್ತಿದೆ. ಆಮೇಲೆ ಪಾಚಿ ಹಿಡಿದ ಕಲ್ಲಿನ ಗೋಡೆ ಹತ್ತಿರ ಬಂದು ಆಕಾಶ ಮುಚ್ಚುತ್ತದೆ. ಐದನೇ ಸೆಕೆಂಡಿಗೆ ಬಲದಿಂದ ಕಡುಗಪ್ಪು ಅಂಚೊಂದು ಕಿಟಕಿಯನ್ನು ದಾಟುತ್ತದೆ. ಈಗ ಚಾವಣಿಯ ದೀಪದ ಬೆಳಕು ಮಾತ್ರ, ಕಪ್ಪು ಗಾಜಿನಲ್ಲಿ ಅವಳ ಮುಖ ಸ್ಪಷ್ಟವಾಗುತ್ತದೆ."

ಇದನ್ನು ಟೂಲ್‌ಗೆ ಕೊಡುವಾಗ ಇಂಗ್ಲಿಷಿಗೆ ತಿರುಗಿಸಿ ಕೊಡುವುದು ಒಳ್ಳೆಯದು. ಕನ್ನಡ ಅರ್ಥವಾಗುವ ಟೂಲ್‌ಗಳು ಇದ್ದರೂ ಸೂಕ್ಷ್ಮ ವಿವರಗಳು ತಪ್ಪಿಹೋಗುವ ಸಾಧ್ಯತೆ ಜಾಸ್ತಿ.

```
Locked camera inside an Indian train coach. A girl in a
yellow kurta sits by a closed glass window. White ceiling
light is on throughout. Train travels toward frame right.
0-3s: daylight, wet forest slides right to left outside.
3-5s: a mossy rock wall rises close, hiding the sky.
At 5s: a hard black edge crosses the window from the right.
5-8s: only the ceiling light on her face; her reflection
becomes clear in the dark glass.
```

ಇದರಲ್ಲಿ "ಸುರಂಗ" ಅನ್ನುವ ಪದವೇ ಇಲ್ಲ, ಗಮನಿಸಿದಿರಾ? ಬೇಕಂತಲೇ ಬಿಟ್ಟದ್ದು. ಸುರಂಗ ಅಂದ ಕೂಡಲೇ ಟೂಲ್‌ಗೆ ಎದುರಿನಿಂದ ಕಾಣುವ ಕಮಾನಿನ ಬಾಯಿ ನೆನಪಾಗುತ್ತದೆ, ಕ್ಯಾಮೆರಾವನ್ನು ಅತ್ತ ಎಳೆಯುತ್ತದೆ. ಹುಡುಗಿಗೆ ಕಾಣುವುದು ಗೋಡೆ ಮತ್ತು ಕತ್ತಲು, ಬರೆದದ್ದೂ ಅಷ್ಟೇ. ಹಾಗೆಯೇ "ಕ್ಯಾಮೆರಾ ಹೊರಗೆ ಹೋಗಬಾರದು" ಅಂತ ಬರೆಯುವುದಕ್ಕಿಂತ "ಕ್ಯಾಮೆರಾ ಒಳಗೆ ಕದಲದೆ ನಿಂತಿದೆ" ಅನ್ನುವುದು ಕೆಲಸ ಮಾಡುತ್ತದೆ. ಬೇಡ ಅಂದ ವಸ್ತುವಿನ ಹೆಸರು ಪ್ರಾಂಪ್ಟ್‌ನಲ್ಲಿ ಇದ್ದರೆ ಅದೇ ಬರುವ ಅಪಾಯ ಇದೆ. ಬೇಡದ್ದನ್ನು ಬರೆಯೋಕೆ ಬೇರೆ ಜಾಗ ಕೊಟ್ಟಿರುವ ಟೂಲ್ ಆದರೆ ಅಲ್ಲಿ ಬರೆಯಿರಿ.

ಸೆಕೆಂಡುಗಳನ್ನು ಟೂಲ್ ಗಡಿಯಾರ ಹಿಡಿದು ಪಾಲಿಸುತ್ತದೆ ಅಂತ ಅಂದುಕೊಳ್ಳಬೇಡಿ. ಐದಕ್ಕೆ ಬರಬೇಕಾದ ಅಂಚು ನಾಲ್ಕಕ್ಕೋ ಆರಕ್ಕೋ ಬರಬಹುದು. ಅದರಿಂದ ನಷ್ಟವಿಲ್ಲ, ಕ್ರಮ ಉಳಿದರೆ ಸಾಕು.

ಬಂದ ಕ್ಲಿಪ್ಪನ್ನು ಒಂದು ಸಲ ಓಡಿಸಿ ನೋಡಿ ಖುಷಿಪಟ್ಟು ಬಿಡಬೇಡಿ. ಎಡಿಟಿಂಗ್ ಆ್ಯಪ್‌ನಲ್ಲಿ ಹಾಕಿ ಕತ್ತಲು ಬರುವ ಜಾಗದಲ್ಲಿ ಫ್ರೇಮ್ ಫ್ರೇಮ್ ಸರಿಸಿ ನೋಡಿ. ಕಿಟಕಿಯ ಬಲ ಅರ್ಧ ಕಪ್ಪಾಗಿ ಎಡ ಅರ್ಧ ಇನ್ನೂ ಬೆಳಕಾಗಿರುವ ಒಂದು ಫ್ರೇಮ್ ಆದರೂ ಸಿಗಬೇಕು. ಸಿಗದಿದ್ದರೆ ಅದು ಬರೀ ಮಂಕಾಗುವಿಕೆ. ಆಮೇಲೆ ಕತ್ತಲಿಗೆ ಮುಂಚಿನ ಒಂದು ಫ್ರೇಮ್, ನಂತರದ ಒಂದು ಫ್ರೇಮ್ ಅಕ್ಕಪಕ್ಕ ಇಡಿ. ಹುಡುಗಿಯ ಮೂಗು, ಜಡೆ, ಕುರ್ತಾದ ಕೊರಳು ಹಾಗೇ ಇವೆಯಾ ನೋಡಿ. ಕತ್ತಲಲ್ಲಿ ಮುಖದ ವಿವರ ಕಳೆದುಹೋದಾಗ ಟೂಲ್ ಅದನ್ನು ಹೊಸದಾಗಿ ಊಹಿಸುತ್ತದೆ, ಬೇರೆ ಹುಡುಗಿಯೇ ಬಂದು ಕೂತಿರುವುದು ಅಪರೂಪವಲ್ಲ. ಪ್ರತಿಬಿಂಬವನ್ನೂ ನೋಡಿ. ಅವಳು ಕಣ್ಣು ಮಿಟುಕಿಸಿದಾಗ ಗಾಜಿನಲ್ಲೂ ಮಿಟುಕಬೇಕು. ಟೂಲ್‌ಗಳು ತುಂಬಾ ಸಲ ಎಡವುವುದು ಇಲ್ಲಿ. ಎಷ್ಟು ಚೆನ್ನಾಗಿ ಬರೆದರೂ ಇದು ಪೂರ್ತಿ ಕೈಗೆ ಸಿಗುವುದಿಲ್ಲ. ಪ್ರತಿಬಿಂಬ ಸ್ವಲ್ಪ ಮಸುಕಾಗಿರಲಿ ಅಂತ ಬರೆದರೆ ತಪ್ಪು ಕಡಿಮೆ ಕಾಣುತ್ತದೆ.

ಸರಿ ಬರದಿದ್ದರೆ ಇಡೀ ಪ್ರಾಂಪ್ಟ್ ಹರಿದು ಹಾಕಬೇಡಿ. ಸೀಡ್ ಸಂಖ್ಯೆ ಹಾಕಲು ಅವಕಾಶ ಇದ್ದರೆ ಅದನ್ನು ಹಾಗೇ ಇಟ್ಟು ಒಂದೇ ಸಾಲು ಬದಲಿಸಿ. ಸೀಡ್ ಅಂದರೆ ಶುರುವಿನ ಆ ಗದ್ದಲದ ಚುಕ್ಕೆಗಳನ್ನು ಗುರುತಿಸುವ ಸಂಖ್ಯೆ. ಅದು ಬದಲಾಗದಿದ್ದರೆ ಹೊಸ ಕ್ಲಿಪ್‌ನಲ್ಲಿ ಕಂಡ ವ್ಯತ್ಯಾಸ ನೀವು ತಿದ್ದಿದ ಸಾಲಿನಿಂದಲೇ ಬಂದದ್ದು ಅಂತ ಹೆಚ್ಚುಕಡಿಮೆ ಹೇಳಬಹುದು.

ಆದರೂ ಮುಖ ಬದಲಾಗುತ್ತಲೇ ಇದ್ದರೆ ಇನ್ನೊಂದು ದಾರಿ ಇದೆ, ನನ್ನ ಪ್ರಕಾರ ಅದೇ ಹೆಚ್ಚು ಭರವಸೆಯದು. ಒಂದೇ ಕ್ಲಿಪ್‌ನಲ್ಲಿ ಮಾಡುವ ಹಟ ಬಿಡಿ. ಮೊದಲು ಹಗಲಿನ ಒಂದು ಸ್ಥಿರ ಚಿತ್ರ ಮಾಡಿಸಿ. ಅದೇ ಚಿತ್ರವನ್ನು ಕೊಟ್ಟು, ಹುಡುಗಿ ಹಾಗೇ ಇರಲಿ, ಹೊರಗೆ ಕಪ್ಪು, ಒಳಗೆ ದೀಪದ ಬೆಳಕು ಮಾತ್ರ ಅಂತ ತಿದ್ದಿಸಿ. ಈಗ ಒಂದೇ ಮುಖದ ಎರಡು ಚಿತ್ರ ಆಯ್ತು. ಮೊದಲ ಮತ್ತು ಕೊನೆಯ ಫ್ರೇಮ್ ಎರಡನ್ನೂ ತೆಗೆದುಕೊಳ್ಳುವ ಟೂಲ್ ಇದ್ದರೆ ಇವನ್ನು ಕೊಡಿ, ನಡುವಿನದನ್ನು ಅದು ತುಂಬುತ್ತದೆ. ಅದರಲ್ಲೂ ಅಂಚು ಸರಿ ಬರದಿದ್ದರೆ ಎರಡು ಚಿತ್ರಗಳಿಂದ ಎರಡು ಬೇರೆ ಕ್ಲಿಪ್ ಮಾಡಿಸಿ, ಎಡಿಟಿಂಗ್‌ನಲ್ಲಿ ಬಲದಿಂದ ಎಡಕ್ಕೆ ಮೂರು ಫ್ರೇಮಿನ ವೈಪ್, ಅಂದರೆ ಒಂದು ಚಿತ್ರವನ್ನು ಒರೆಸುತ್ತಾ ಇನ್ನೊಂದು ಬರುವ ಜೋಡಣೆ, ಹಾಕಿ ಸೇರಿಸಿ. ಆಮೇಲೆ ಎರಡು ಮೂರು ಫ್ರೇಮ್ ತೀರಾ ಕಪ್ಪು ಇಟ್ಟು, ಮುಖವನ್ನು ಅರ್ಧ ಸೆಕೆಂಡಿನಲ್ಲಿ ಮೇಲೆ ತನ್ನಿ, ಫೋನಿನ ಕ್ಯಾಮೆರಾ ಹೊಂದಿಕೊಳ್ಳುವ ಹಾಗೆ. ಜೋಡಿಸಿದ ಗುರುತು ಆ ಕಪ್ಪಿನಲ್ಲಿ ಅಡಗುತ್ತದೆ.

ಸದ್ದನ್ನೂ ಅದೇ ಫ್ರೇಮಿನಲ್ಲಿ ಬದಲಿಸಿ. ಬಯಲಲ್ಲಿ ಹರಡಿಹೋಗುವ ಚಕ್ರದ ಸದ್ದು ಸುರಂಗದಲ್ಲಿ ಗೋಡೆಗೆ ಬಡಿದು ವಾಪಸ್ ಬರುತ್ತದೆ, ದಪ್ಪವಾಗುತ್ತದೆ, ಜೋರಾಗುತ್ತದೆ. ಎಸಿ ಬೋಗಿಯಲ್ಲಿ ಗಾಜು ಮುಚ್ಚಿರುವುದರಿಂದ ಸ್ವಲ್ಪ ಕಡಿಮೆ, ಸ್ಲೀಪರ್‌ನಲ್ಲಿ ಕಿವಿ ತುಂಬುವಷ್ಟು. ಸದ್ದು ಮೆಲ್ಲಗೆ ಏರುವಂತೆ ಮಾಡಿದರೆ ಕಣ್ಣಿಗೆ ಸರಿಯಾಗಿ ಕಂಡ ಅಂಚೂ ಮತ್ತೆ ಸುಳ್ಳಾಗಿ ಕಾಣುತ್ತದೆ. ಹಾಗಾಗಿ ಕಪ್ಪು ಅಂಚು ಕಿಟಕಿ ದಾಟುವ ಆ ಮೂರು ಫ್ರೇಮಿನೊಳಗೇ ಸದ್ದೂ ಏರಬೇಕು.